ಮನೆ ಖಾಲಿ ಮಾಡುವಾಗ ಕೋಣೆ ಕೋಣೆಯಾಗಿ ನಾನು ಹೇಗೆ ತೊಳೆದೆ

ಬಾಡಿಗೆ ಮನೆ ಬಿಡುವಾಗ ಡೆಪಾಸಿಟ್‌ನಿಂದ ಹಣ ಹಿಡಿಯುವುದಕ್ಕೆ ಮಾಲೀಕರು ತೋರಿಸುವ ಕಾರಣಗಳನ್ನು ಗಮನಿಸುತ್ತಾ ಬಂದಿದ್ದೇನೆ. ಅಡುಗೆಮನೆಯ ಜಿಡ್ಡು, ಬಚ್ಚಲಿನ ನಲ್ಲಿ ಮತ್ತು ಟೈಲ್ಸ್ ಮೇಲಿನ ಬಿಳಿ ಪದರ, ಗೋಡೆಯ ಮೇಲಿನ ಗುರುತು. ಸುತ್ತಿ ಸುತ್ತಿ ಇವೇ ಬರುತ್ತವೆ. ನೆಲ ಒರೆಸಿಲ್ಲ ಅಂತ ಜಗಳವಾಗುವುದು ಕಡಿಮೆ. ಹಾಗಾಗಿ ಈ ಸಲ ಮನೆ ಬಿಡುವಾಗ ನನ್ನ ಹೊತ್ತಿನಲ್ಲಿ ಜಾಸ್ತಿ ಪಾಲನ್ನು ಅಡುಗೆಮನೆಗೂ ಬಚ್ಚಲಿಗೂ ಕೊಟ್ಟೆ. ಮಲಗುವ ಕೋಣೆ, ಹಾಲ್ ಎಲ್ಲ ಆಮೇಲೆ.

ತೊಳೆಯುವ ಮೊದಲು ಎರಡು ಕೆಲಸ ಮುಗಿಸಿದೆ. ಮನೆಗೆ ಬಂದಾಗ ತೆಗೆದಿದ್ದ ಫೋಟೋಗಳನ್ನು ಹುಡುಕಿ, ಕೋಣೆವಾರು ಜೋಡಿಸಿಕೊಂಡೆ. ಆಮೇಲೆ ಕರಾರು ಪತ್ರವನ್ನು ಪೂರ್ತಿ ಓದಿದೆ. ಹೊರಗಿನವರಿಂದಲೇ ಕ್ಲೀನಿಂಗ್ ಮಾಡಿಸಬೇಕು, ಗೋಡೆಗೆ ಬಣ್ಣ ಹೊಡೆಸಿ ಕೊಡಬೇಕು ಎಂಬಂಥ ಸಾಲು ಅದರಲ್ಲಿದ್ದರೆ ನಾವು ಎಷ್ಟೇ ತಿಕ್ಕಿದರೂ ಅದು ಲೆಕ್ಕಕ್ಕೆ ಬರುವುದಿಲ್ಲ, ರಸೀದಿಯೇ ಬೇಕು. ನನ್ನ ಕರಾರಿನಲ್ಲಿ ಹಾಗೇನೂ ಇರಲಿಲ್ಲ. ಬಂದಾಗ ಹೇಗಿತ್ತೋ ಹಾಗೆ ಬಿಟ್ಟುಕೊಡಬೇಕು, ಬಳಕೆಯಿಂದ ಸಹಜವಾಗಿ ಸವೆದದ್ದು ಬಿಟ್ಟು ಅಂತಿತ್ತು. ಬಿಸಿಲಿಗೆ ಮಾಸಿದ ಬಣ್ಣ, ಓಡಾಡಿ ಮಂಕಾದ ನೆಲ ಇವೆಲ್ಲ ಸವೆತ. ಒಲೆಯ ಹಿಂದಿನ ಜಿಡ್ಡು ಸವೆತವಲ್ಲ, ಅದು ಕೊಳೆ. ಈ ಗೆರೆ ಮನಸ್ಸಿನಲ್ಲಿದ್ದರೆ ಎಲ್ಲಿ ತಿಕ್ಕಬೇಕು, ಎಲ್ಲಿ ಸುಮ್ನೆ ಬಿಡಬೇಕು ಅಂತ ಗೊತ್ತಾಗುತ್ತದೆ.

ಸಾಮಾನೆಲ್ಲ ಹೊರಗೆ ಹೋದ ಮೇಲೆಯೇ ನಿಜವಾದ ತೊಳೆಯುವಿಕೆ. ಫ್ರಿಜ್ ಸರಿಸಿದಾಗ ಹಿಂದಿನ ಗೋಡೆಯಲ್ಲಿ ಅದರ ಆಕಾರವೇ ಮೂಡಿರುತ್ತದೆ. ಮಂಚ ಎತ್ತಿದ ಕಡೆ ಗೋಡೆಗೆ ತಲೆ ಒರಗಿದ ಎಣ್ಣೆಯ ಮಚ್ಚೆ ಇರುತ್ತದೆ. ಇವು ಮಾಲೀಕರ ಕಣ್ಣಿಗೆ ಮೊದಲು ಬೀಳುವಂಥವು, ಯಾಕೆಂದರೆ ಅವರು ನೋಡುವುದು ಖಾಲಿ ಮನೆಯನ್ನು. ಖಾಲಿ ಮಾಡಿದ ದಿನವೇ ಕೀ ಕೊಡುತ್ತೇನೆ ಅಂತ ಒಪ್ಪಿಕೊಳ್ಳಬೇಡಿ. ನಡುವೆ ಒಂದು ದಿನವಾದರೂ ಇರಲಿ.

ಶುರು ಅಡುಗೆಮನೆಯಿಂದ. ಜಿಡ್ಡಿಗೆ ಬೇಕಾಗಿರುವುದು ತೋಳಿನ ಬಲಕ್ಕಿಂತ ನೆನೆಯುವ ಹೊತ್ತು. ಬೇರೆ ಕೆಲಸ ಮಾಡುತ್ತಿರುವಾಗ ಇಲ್ಲಿ ಅದು ತಾನೇ ಸಡಿಲವಾಗುತ್ತಿರಲಿ ಅಂತ ಮೊದಲು ಇಲ್ಲಿಗೆ ಕೈ ಹಾಕಿದೆ. ಚಿಮಣಿಯ ಜಾಲರಿ ಬಿಚ್ಚಿ, ಬಕೆಟ್ಟಿನಲ್ಲಿ ಚೆನ್ನಾಗಿ ಬಿಸಿಯಾದ ನೀರು, ಪಾತ್ರೆ ತೊಳೆಯುವ ಲಿಕ್ವಿಡ್, ಎರಡು ದೊಡ್ಡ ಚಮಚ ವಾಷಿಂಗ್ ಸೋಡಾ ಹಾಕಿ ಅರ್ಧ ಗಂಟೆ ಮುಳುಗಿಸಿಟ್ಟೆ. ನೀರು ಕಂದು ಬಣ್ಣಕ್ಕೆ ತಿರುಗಿ ಮೇಲೆ ಜಿಡ್ಡಿನ ಪದರ ತೇಲಿದರೆ ಕೆಲಸ ನಡೆಯುತ್ತಿದೆ ಅಂತ ಅರ್ಥ. ತಣ್ಣಗಾದರೆ ಅದೇ ಜಿಡ್ಡು ಮತ್ತೆ ಜಾಲರಿಗೆ ಅಂಟುತ್ತದೆ, ಆದ್ದರಿಂದ ಬಿಸಿ ಇರುವಾಗಲೇ ಬ್ರಷ್ ಹಾಕಿ ತೊಳೆದುಬಿಡಬೇಕು. ಒಂದು ಎಚ್ಚರಿಕೆ: ಜಾಲರಿ ಅಲ್ಯುಮಿನಿಯಂನದ್ದಾದರೆ ವಾಷಿಂಗ್ ಸೋಡಾ ಬೇಡವೇ ಬೇಡ, ಕಪ್ಪಾಗಿಬಿಡುತ್ತದೆ. ಆ ಕಪ್ಪು ಸುಲಭಕ್ಕೆ ಹೋಗುವುದಿಲ್ಲ, ಜಿಡ್ಡಿಗಿಂತ ಅದೇ ದೊಡ್ಡ ತಕರಾರು. ಯಾವ ಲೋಹ ಅಂತ ಅನುಮಾನವಿದ್ದರೆ ಬರೀ ಲಿಕ್ವಿಡ್ ಮತ್ತು ಬಿಸಿನೀರು ಸಾಕು, ಇನ್ನೊಂದು ಸುತ್ತು ನೆನೆಸಿದರಾಯಿತು.

ಒಲೆಯ ಹಿಂದಿನ ಟೈಲ್ಸ್‌ಗೆ ಅಡುಗೆ ಸೋಡಾವನ್ನು ನೀರಲ್ಲಿ ಕಲಸಿ ಹಚ್ಚಿ ಕಾಲು ಗಂಟೆ ಬಿಟ್ಟೆ. ಹೋಯಿತೋ ಇಲ್ಲವೋ ಅಂತ ಎದುರಿಗೆ ನಿಂತು ನೋಡಿದರೆ ಗೊತ್ತಾಗುವುದಿಲ್ಲ. ಟಾರ್ಚನ್ನು ಗೋಡೆಗೆ ತಾಗಿಸಿ ಹಿಡಿದು, ಬೆಳಕು ಗೋಡೆಯ ಮೇಲೆ ಅಡ್ಡಡ್ಡ ಹರಿಯುವಂತೆ ಮಾಡಿ ನೋಡಿ. ಉಳಿದ ಜಿಡ್ಡು ಹನಿ ಹನಿಯಾಗಿ ಎದ್ದು ಕಾಣುತ್ತದೆ. ನನಗೆ ಸ್ವಚ್ಛ ಅನ್ನಿಸಿದ್ದ ಗೋಡೆಯಲ್ಲಿ ಕಪಾಟಿನ ಕೆಳಅಂಚಿನ ಉದ್ದಕ್ಕೂ ಒಂದು ಹಳದಿ ಗೆರೆ ಸಿಕ್ಕಿದ್ದು ಹೀಗೆಯೇ. ಆವಿ ಮೇಲೆದ್ದು ಮೊದಲು ತಟ್ಟುವುದು ಆ ಅಂಚಿಗೆ. ನಿಂತವರಿಗೆ ಅದು ಕಾಣುವುದಿಲ್ಲ, ಬಾಗಿ ಕೈಯಾಡಿಸಿದರೆ ಅಂಟಂಟು. ಕಪಾಟಿನ ತಲೆ, ಕಪಾಟಿನ ಹಿಡಿ, ಒಲೆಯ ಗುಂಡಿಗಳ ಹಿಂಭಾಗ ಇವೂ ಇದೇ ಜಾತಿಯವು.

ಮಾಲೀಕರದೇ ಫ್ರಿಜ್ ಇದ್ದರೆ ಒಂದು ದಿನ ಮುಂಚೆಯೇ ಆಫ್ ಮಾಡಿ ಬಾಗಿಲು ತೆರೆದಿಡಬೇಕು. ಮಂಜುಗಡ್ಡೆಯನ್ನು ಚಾಕುವಿನಿಂದ ಕೆರೆಯಬೇಡಿ, ಒಳಗಿನ ಕೊಳವೆ ತೂತಾದರೆ ಫ್ರಿಜ್ಜೇ ಹೋಯಿತು. ಬಾಗಿಲಿನ ರಬ್ಬರ್ ಮಡಿಕೆಗಳಲ್ಲಿ ಕಪ್ಪು ಬೂಷ್ಟು ಕೂತಿರುತ್ತದೆ, ಹಳೇ ಹಲ್ಲುಜ್ಜುವ ಬ್ರಷ್ ಮತ್ತು ಸೋಪುನೀರು ಅದಕ್ಕೆ ಸಾಕು. ಕೊನೆಗೆ ಒಣಗಿಸಿ, ಬಾಗಿಲನ್ನು ಸ್ವಲ್ಪ ತೆರೆದೇ ಬಿಡಿ. ಮುಚ್ಚಿಟ್ಟರೆ ವಾಸನೆ ಬರುತ್ತದೆ.

ಬಚ್ಚಲಿನ ಬಿಳಿ ಪದರದ ಕಥೆ ಬೇರೆ. ಅದು ಜಿಡ್ಡಲ್ಲ, ಗಡಸು ನೀರು ಒಣಗಿ ಬಿಟ್ಟುಹೋದ ಸುಣ್ಣದಂಥ ಕಲ್ಲು. ಸೋಪಿಗೂ ಸೋಡಾಕ್ಕೂ ಅದು ಜಗ್ಗುವುದಿಲ್ಲ, ಹುಳಿ ಬೇಕು. ವಿನೆಗರ್ ಒಂದು ಪಾಲು, ನೀರು ಒಂದು ಪಾಲು. ಶವರ್‌ನ ತಲೆಗೆ ಇದನ್ನು ತುಂಬಿದ ಪ್ಲಾಸ್ಟಿಕ್ ಚೀಲವನ್ನು ದಾರದಿಂದ ಕಟ್ಟಿ ಅರ್ಧ ಗಂಟೆ ಬಿಟ್ಟೆ. ನಲ್ಲಿಗಳಿಗೆ ಅದರಲ್ಲೇ ಅದ್ದಿದ ಟಿಶ್ಯೂ ಸುತ್ತಿದೆ, ಇಲ್ಲದಿದ್ದರೆ ದ್ರವ ಜಾರಿಹೋಗುತ್ತದೆ. ಟಿಶ್ಯೂ ಬಿಚ್ಚಿದಾಗ ನಲ್ಲಿಯ ಬುಡದ ಸುತ್ತಲಿನ ಗಟ್ಟಿ ಉಂಗುರ ಉಗುರಿಗೆ ಪುಡಿಪುಡಿಯಾಗಿ ಎದ್ದು ಬಂತು. ಆಮೇಲೆ ಚೆನ್ನಾಗಿ ನೀರು ಹಾಯಿಸಿ ಒರೆಸಬೇಕು, ಹೊಳಪಿನ ಲೇಪನದ ಮೇಲೆ ಹುಳಿಯನ್ನು ತಾಸುಗಟ್ಟಲೆ ಬಿಡಬಾರದು. ನೆಲ ಅಥವಾ ಕಟ್ಟೆ ಅಮೃತಶಿಲೆಯದ್ದಾದರೆ ಅಲ್ಲಿ ವಿನೆಗರ್ ಮುಟ್ಟಿಸಲೇಬೇಡಿ. ಆ ಕಲ್ಲೂ ಅದೇ ಸುಣ್ಣದ ವಂಶ, ಕಲೆಯ ಜೊತೆ ಹೊಳಪೂ ಕರಗಿ ಮಂಕು ಮಚ್ಚೆ ಉಳಿಯುತ್ತದೆ.

ಬಚ್ಚಲನ್ನು ಒದ್ದೆ ಇರುವಾಗ ನೋಡಿ ಆಯ್ತು ಅಂದುಕೊಳ್ಳಬಾರದು. ನೀರಿದ್ದಾಗ ಬಿಳಿ ಪದರ ಮಾಯ, ಒಣಗಿದ ಮೇಲೆ ಮತ್ತೆ ಪ್ರತ್ಯಕ್ಷ. ಮಾಲೀಕರು ಬರುವುದು ಒಣ ಬಚ್ಚಲಿಗೆ ಅಲ್ವಾ? ಅದಕ್ಕೇ ನಾನು ಸಂಜೆ ತೊಳೆದು, ಕಿಟಕಿ ತೆರೆದಿಟ್ಟು, ಬೆಳಿಗ್ಗೆ ಬಂದು ಮತ್ತೊಮ್ಮೆ ನೋಡಿದೆ. ಗಾಜಿನ ಬಾಗಿಲಿನ ಕೆಳಭಾಗದಲ್ಲಿ ಪದರ ಉಳಿದಿತ್ತು, ಅಲ್ಲಿಗೆ ಮಾತ್ರ ಇನ್ನೊಂದು ಸುತ್ತು ಕೊಟ್ಟೆ.

ಕಮೋಡ್ ಅಥವಾ ಸಿಲಿಕೋನ್ ಅಂಚಿನ ಕಪ್ಪು ಬೂಷ್ಟಿಗೆ ಬ್ಲೀಚ್ ಬಳಸುವವರಿದ್ದಾರೆ, ನಾನೂ ಬಳಸಿದೆ. ಆದರೆ ವಿನೆಗರ್ ಅಥವಾ ಆಸಿಡ್ ಕ್ಲೀನರ್ ಜೊತೆ ಬ್ಲೀಚ್ ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಚಿಕ್ಕ ಬಚ್ಚಲಲ್ಲಿ ಅದು ಉಸಿರಿಗೇ ಅಪಾಯ. ಅಮೋನಿಯಾ ಇರುವ ಗಾಜಿನ ಕ್ಲೀನರ್ ಜೊತೆಗೂ ಸೇರಿಸಬಾರದು. ನಾನು ಹುಳಿ ಕೆಲಸ ಒಂದು ದಿನ ಮುಗಿಸಿ, ಧಾರಾಳವಾಗಿ ನೀರು ಹಾಯಿಸಿ, ಮಾರನೇ ದಿನ ಬ್ಲೀಚ್ ಹಿಡಿದೆ. ನೆಲದ ಜಾಲಿಯ ಕೆಳಗಿನ ಕೂದಲನ್ನು ಮರೆಯಬೇಡಿ. ನೀರು ನಿಧಾನವಾಗಿ ಇಳಿದರೆ ಪೈಪ್ ಕೆಟ್ಟಿದೆ ಅಂತ ಲೆಕ್ಕ ಹಾಕುತ್ತಾರೆ.

ಮಲಗುವ ಕೋಣೆ ಮತ್ತು ಹಾಲಿನಲ್ಲಿ ಮುಖ್ಯ ವಿಷಯ ಗೋಡೆ. ಸ್ಟಿಕ್ಕರ್ ಅಂಟಿಸಿದ ಕಡೆ ಹೇರ್ ಡ್ರೈಯರ್‌ನ ಬಿಸಿ ಗಾಳಿ ಬಿಟ್ಟು, ಅಂಟು ಮೆತ್ತಗಾದ ಮೇಲೆ ಒಂದು ಮೂಲೆಯಿಂದ ನಿಧಾನಕ್ಕೆ ಎಳೆದರೆ ಬಣ್ಣ ಕಿತ್ತು ಬರುವುದು ಕಡಿಮೆ. ಕೈ ಗುರುತುಗಳಿಗೆ ಕೆಲವು ಹನಿ ಲಿಕ್ವಿಡ್ ಬೆರೆಸಿದ ನೀರಿನಲ್ಲಿ ಹಿಂಡಿದ ಸ್ಪಂಜು ಸಾಕು. ಮೊದಲು ಬಾಗಿಲ ಹಿಂದೆ ಒಂದು ಕಡೆ ಪ್ರಯೋಗಿಸಿ. ಮೆಲಮೈನ್ ಸ್ಪಂಜು ಅಂತ ಬರುವ ಬಿಳಿ ಸ್ಪಂಜು ಕಲೆಯನ್ನು ಸವೆಸಿ ತೆಗೆಯುತ್ತದೆ. ಹೊಳಪಿಲ್ಲದ ಬಣ್ಣದ ಮೇಲೆ ಉಜ್ಜಿದರೆ ಕಲೆ ಹೋಗಿ ಅಲ್ಲೊಂದು ಹೊಳೆಯುವ ಮಚ್ಚೆ ಕೂರುತ್ತದೆ, ಬೆಳಕು ಬಿದ್ದಾಗ ಎದ್ದು ಕಾಣುತ್ತದೆ.

ಮೊಳೆ ತೂತುಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ: ಮಾಲೀಕರನ್ನು ಕೇಳದೆ ಬಣ್ಣ ಹಚ್ಚಬೇಡಿ. ಪುಟ್ಟಿ ತುಂಬಿ, ಒಣಗಿಸಿ, ಸ್ಯಾಂಡ್ ಪೇಪರ್‌ನಿಂದ ಸಮ ಮಾಡುವುದು ಸರಿ. ಆದರೆ ಅದರ ಮೇಲೆ ಹೊಂದದ ಬಣ್ಣದ ತೇಪೆ ಬಂದರೆ ತೂತಿಗಿಂತ ಅದೇ ಜಾಸ್ತಿ ಕಾಣುತ್ತದೆ, ಇಡೀ ಗೋಡೆಗೆ ಬಣ್ಣ ಹೊಡೆಸಿದ ಖರ್ಚು ನಮ್ಮ ಮೇಲೆ ಬರಬಹುದು. ನಾನು ಫೋನ್ ಮಾಡಿ ಕೇಳಿದೆ. ಹೇಗೂ ಬಣ್ಣ ಹೊಡೆಸುವವರಿದ್ದೇವೆ, ಪುಟ್ಟಿ ತುಂಬಿ ಬಿಡಿ ಸಾಕು ಅಂದರು. ಆ ಮಾತನ್ನೇ ಮೆಸೇಜಿನಲ್ಲಿ ಬರೆದು ಕಳಿಸಿ, ಸರಿ ಅನ್ನಿಸಿಕೊಂಡೆ.

ಉಳಿದದ್ದು ಬೇಗ ಆಗುತ್ತದೆ. ಮೇಲಿನಿಂದ ಕೆಳಗೆ: ಮೊದಲು ಫ್ಯಾನು, ಮೂಲೆಯ ಜೇಡರ ಬಲೆ, ಆಮೇಲೆ ಕಪಾಟಿನ ಒಳಗು, ಕಿಟಕಿ, ಕೊನೆಗೆ ನೆಲ. ಫ್ಯಾನಿನ ರೆಕ್ಕೆಗೆ ಹಳೇ ದಿಂಬಿನ ಚೀಲ ತೊಡಿಸಿ ಎಳೆದರೆ ಧೂಳೆಲ್ಲ ಚೀಲದೊಳಗೇ ಬೀಳುತ್ತದೆ. ಜಾರುವ ಕಿಟಕಿಯ ಕೆಳಗಿನ ಹಳಿಯನ್ನು ಒಣ ಬ್ರಷ್‌ನಲ್ಲಿ ಗುಡಿಸಿದ ಮೇಲೆಯೇ ನೀರು ಮುಟ್ಟಿಸಿ, ಇಲ್ಲದಿದ್ದರೆ ಧೂಳು ಕೆಸರಾಗಿ ಕೂರುತ್ತದೆ. ಸ್ವಿಚ್ ಬೋರ್ಡ್ ಒರೆಸುವಾಗ ಮೇನ್ ಆಫ್ ಇರಲಿ, ಬಟ್ಟೆ ಹಿಂಡಿರಲಿ. ಬಾಲ್ಕನಿಯ ನೀರು ಹೋಗುವ ತೂತಿನಲ್ಲಿ ಎಲೆ ಕಸ ಇದ್ದರೆ ತೆಗೆಯಿರಿ.

ಒಂದೊಂದು ಕೋಣೆ ಮುಗಿದಂತೆ ನಾನು ಫೋಟೋ ತೆಗೆದೆ. ಬಂದಾಗ ಎಲ್ಲಿ ನಿಂತು ತೆಗೆದಿದ್ದೆನೋ ಅಲ್ಲೇ ನಿಂತು, ಹಗಲು ಬೆಳಕಲ್ಲಿ. ಚಿಮಣಿ ಒಳಗು, ನಲ್ಲಿಯ ಬುಡ, ಸಿಂಕಿನ ಕೆಳಗು ಇವನ್ನು ಹತ್ತಿರದಿಂದ. ಮೀಟರ್ ರೀಡಿಂಗ್ ಕೂಡ.

ಕೀ ಕೊಡುವ ದಿನ ಮಾಲೀಕರ ಜೊತೆ ಮನೆಯೆಲ್ಲ ಸುತ್ತಿದೆ. ಸಿಂಕಿನ ಕೆಳಗಿನ ಹಲಗೆ ನೀರು ಕುಡಿದು ಉಬ್ಬಿತ್ತು. ಇದು ನಿಮ್ಮ ಕಾಲದಲ್ಲಿ ಆಗಿದ್ದು ಅಂದರು. ಬಂದ ದಿನದ ಫೋಟೋ ತೆಗೆದು ತೋರಿಸಿದೆ. ಅದೇ ಉಬ್ಬು, ಅದೇ ಮೂಲೆ. ಅವರು ಸ್ವಲ್ಪ ಹೊತ್ತು ಎರಡನ್ನೂ ಹೋಲಿಸಿ ನೋಡಿ, ಸರಿ ಬಿಡಿ ಅಂದರು. ಸುತ್ತಿ ಮುಗಿದ ಮೇಲೆ ಕೋಣೆವಾರು ಸ್ಥಿತಿ, ಕೊಟ್ಟ ಕೀಗಳ ಸಂಖ್ಯೆ, ಮೀಟರ್ ರೀಡಿಂಗ್ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. ಅವರಿಗೊಂದು ಪ್ರತಿ, ನನಗೊಂದು. ಡೆಪಾಸಿಟ್ ಯಾವ ದಿನದೊಳಗೆ ಬರುತ್ತದೆ ಅನ್ನುವುದನ್ನೂ ಅದೇ ಹಾಳೆಯಲ್ಲಿ ಬರೆಸಿಕೊಂಡ ಮೇಲೆ ಕೀ ಗೊಂಚಲು ಕೊಟ್ಟೆ.