ಹಿಂದೂ ಮಹಾಸಾಗರದ ತಕ್ಕಡಿ ಎತ್ತ ವಾಲಿದೆ? ಮನೆಯಲ್ಲೇ ಕೂತು ನೋಡುವುದು ಹೀಗೆ

2023ರ ಆಗಸ್ಟ್‌ನಲ್ಲಿ ಚಳ್ಳಕೆರೆ ಕಡೆಯ ನಮ್ಮ ಚಿಕ್ಕಪ್ಪ ಫೋನ್ ಮಾಡಿದ್ದರು. ಶೇಂಗಾ ಹೂವಾಗಿ ಕಾಯಿ ಕಟ್ಟುವ ಹೊತ್ತು. ಮೂರು ವಾರದಿಂದ ಹನಿ ಇಲ್ಲ. ‘ಸಮುದ್ರ ನಮ್ಮ ಕಡೆಗೇ ಇದೆ, ಮಳೆ ಬರ್ತದೆ ಅಂತ ಪೇಪರ್‌ನಲ್ಲಿ ಹಾಕಿದ್ದಾರಲ್ಲಪ್ಪ. ಎಲ್ಲಿ ಮಳೆ?’ ಅಂದರು. ನನ್ನ ಹತ್ತಿರ ಆಗ ಸರಿಯಾದ ಉತ್ತರ ಇರಲಿಲ್ಲ. ಆಮೇಲೆ ಒಂದು ನೋಟ್‌ಬುಕ್ ಇಟ್ಟುಕೊಂಡು ಹಿಂದೂ ಮಹಾಸಾಗರದ ಎರಡು ಕಡೆಯ ಬಿಸಿಯ ಅಂಕಿಯನ್ನು ವಾರಕ್ಕೊಮ್ಮೆ ಬರೆಯಲು ಶುರು ಮಾಡಿದೆ. ಆ ಅಂಕಿಯನ್ನು ಓದುವುದು ಹೇಗೆ, ಎಲ್ಲಿ ನಂಬಬೇಕು, ಎಲ್ಲಿ ನಂಬಬಾರದು ಎಂಬುದನ್ನು ಇಲ್ಲಿ ಹೇಳುತ್ತೇನೆ.

ಈ ಸಮುದ್ರದ ತಕ್ಕಡಿಗೆ ಪೇಪರ್‌ನಲ್ಲಿ ‘ಇಂಡಿಯನ್ ಓಷನ್ ಡೈಪೋಲ್’ ಅಂತಾರೆ, ಚಿಕ್ಕದಾಗಿ ಐಒಡಿ. ಆಫ್ರಿಕಾ ಕಡೆಯ ಸಮುದ್ರ ಒಂದು ತಟ್ಟೆ, ಇಂಡೊನೇಷ್ಯಾ ಕಡೆಯ ಸಮುದ್ರ ಇನ್ನೊಂದು ತಟ್ಟೆ. ಒಂದು ಬಿಸಿಯಾದರೆ ಇನ್ನೊಂದು ತಣ್ಣಗಾಗುತ್ತದೆ. ಇದನ್ನು 1999ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಹೆಸರಿಟ್ಟು ವಿವರಿಸಿದವರು ಸಾಜಿ, ಗೋಸ್ವಾಮಿ, ವಿನಯಚಂದ್ರನ್ ಮತ್ತು ಜಪಾನಿನ ಯಮಗಾಟ. ಗೋಸ್ವಾಮಿ ಆಗ ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿದ್ದರು. ವಿನಯಚಂದ್ರನ್ ಮುಂದೆ ಅಲ್ಲೇ ಪ್ರಾಧ್ಯಾಪಕರಾದರು.

ಮೊದಲು ಒಂದು ಲೋಟ ಹಾಲು

ತಕ್ಕಡಿ ಯಾಕೆ ವಾಲುತ್ತದೆ ಅಂತ ತಿಳಿಯದೆ ಅಂಕಿ ನೋಡಿ ಪ್ರಯೋಜನವಿಲ್ಲ. ಬಿಸಿ ಹಾಲಿನ ಲೋಟವನ್ನು ಮುಂದಿಟ್ಟುಕೊಂಡು ಒಂದು ಕಡೆಯಿಂದ ಊದಿ. ಕೆನೆ ಸರಿದು ಆಚೆ ಅಂಚಿಗೆ ಹೋಗಿ ಮುದ್ದೆಯಾಗುತ್ತದೆ. ಈಚೆ ಕೆಳಗಿದ್ದ ಹಾಲು ಕಾಣುತ್ತದೆ.

ಸಮುದ್ರದ ಮೇಲಿನ ಬಿಸಿನೀರೂ ಕೆನೆಯ ಹಾಗೆ ತೆಳು ಪದರ. ಕೆಳಗಿರುವುದು ತಣ್ಣೀರು. ಮಾಮೂಲಿ ವರ್ಷದಲ್ಲಿ ಬಿಸಿನೀರು ಇಂಡೊನೇಷ್ಯಾದ ಸುಮಾತ್ರಾ ಬದಿಯಲ್ಲಿ ದಪ್ಪವಾಗಿ ನಿಂತಿರುತ್ತದೆ. ಅದರ ಮೇಲೆ ಮೋಡ ಕಟ್ಟಿ ಮಳೆ ಅಲ್ಲೇ ಸುರಿಯುತ್ತದೆ. ಕೆಲವು ವರ್ಷ ಮೇ–ಜೂನ್‌ನಲ್ಲಿ ಸುಮಾತ್ರಾ ಮತ್ತು ಜಾವಾ ದಡದುದ್ದಕ್ಕೂ ಆಗ್ನೇಯದ ಗಾಳಿ ಜೋರಾಗಿ ಬೀಸುತ್ತದೆ. ದಡದ ಬಿಸಿನೀರು ಆಚೆ ಸರಿದು ಕೆಳಗಿನ ತಣ್ಣೀರು ಮೇಲೆ ಬರುತ್ತದೆ. ತಣ್ಣಗಾದ ಸಮುದ್ರದ ಮೇಲೆ ಮೋಡ ಕಟ್ಟುವುದಿಲ್ಲ. ಆಗ ಸಮಭಾಜಕದ ಗುಂಟ ಗಾಳಿ ಪೂರ್ವದಿಂದ ಪಶ್ಚಿಮಕ್ಕೆ ತಿರುಗಿ, ಬಿಸಿನೀರನ್ನು ಆಫ್ರಿಕಾ ಕಡೆಗೆ ದೂಡುತ್ತದೆ. ಅದರಿಂದ ಪೂರ್ವ ಇನ್ನೂ ತಣ್ಣಗಾಗುತ್ತದೆ, ಗಾಳಿ ಇನ್ನೂ ಜೋರಾಗುತ್ತದೆ. ಒಮ್ಮೆ ಹಿಡಿದರೆ ತಾನೇ ಬೆಳೆಯುವ ಆಟ ಇದು. ಇದೇ ‘ಪಾಸಿಟಿವ್’ ಐಒಡಿ. ತಿರುಗುಮುರುಗಾದರೆ ‘ನೆಗೆಟಿವ್’.

ನಮಗೇನು ಸಂಬಂಧ? ಪೂರ್ವದ ತಣ್ಣನೆ ಸಮುದ್ರದ ಮೇಲೆ ಗಾಳಿ ಕೆಳಗಿಳಿಯುತ್ತದೆ. ಇಳಿದ ಗಾಳಿ ತೇವ ಹೊತ್ತುಕೊಂಡು ಉತ್ತರಕ್ಕೆ, ಬಂಗಾಳ ಕೊಲ್ಲಿಯ ಕಡೆ ಹರಿಯುತ್ತದೆ. ಒಡಿಶಾದಿಂದ ಮಧ್ಯ ಭಾರತದವರೆಗೆ ಮುಂಗಾರಿನ ಮಳೆಪಟ್ಟಿ ಇದೆಯಲ್ಲ, ಅದಕ್ಕೆ ಈ ತೇವ ಮೇವು.

ಹೆಜ್ಜೆ 1: ಎರಡು ಚೌಕ, ಒಂದು ಕಳೆಯುವ ಲೆಕ್ಕ

ಭೂಪಟದಲ್ಲಿ ಪಶ್ಚಿಮದ ಚೌಕ ಹಾಕಿ: ಪೂರ್ವ ರೇಖಾಂಶ 50ರಿಂದ 70 ಡಿಗ್ರಿ, ಸಮಭಾಜಕದ ಮೇಲೆ 10, ಕೆಳಗೆ 10 ಡಿಗ್ರಿ. ಸೊಮಾಲಿಯಾದ ಆಚೆಯ ಕಡಲು ಅದು. ಪೂರ್ವದ ಚೌಕ: 90ರಿಂದ 110 ಡಿಗ್ರಿ, ಸಮಭಾಜಕದಿಂದ ಕೆಳಗೆ 10 ಡಿಗ್ರಿವರೆಗೆ. ಸುಮಾತ್ರಾ ದಡಕ್ಕೆ ತಾಗಿದ್ದು.

ಪ್ರತಿ ಚೌಕದಲ್ಲಿ ನೀರು ಆ ತಿಂಗಳ ವಾಡಿಕೆಗಿಂತ ಎಷ್ಟು ಬಿಸಿ ಅಥವಾ ತಣ್ಣಗಿದೆ ನೋಡಬೇಕು. ಆಮೇಲೆ ಪಶ್ಚಿಮದ ಅಂಕಿಯಿಂದ ಪೂರ್ವದ ಅಂಕಿ ಕಳೆಯಬೇಕು. ಉದಾಹರಣೆಗೆ ಪಶ್ಚಿಮದಲ್ಲಿ ವಾಡಿಕೆ 27.8 ಡಿಗ್ರಿ, ಈಗ 28.4 ಇದೆ ಅಂತಿಟ್ಟುಕೊಳ್ಳಿ. ಅಂದರೆ +0.6. ಪೂರ್ವದಲ್ಲಿ ವಾಡಿಕೆ 28.2, ಈಗ 27.3. ಅಂದರೆ −0.9.

```
ಸೂಚ್ಯಂಕ = (+0.6) − (−0.9) = +1.5
```

ಮೈನಸ್ಸನ್ನು ಕಳೆದರೆ ಕೂಡುತ್ತದೆ ಎಂಬುದನ್ನು ಮರೆತು ನಾನೇ ಒಂದು ವಾರ −0.3 ಅಂತ ಬರೆದಿದ್ದೆ. ಈ ಅಂಕಿಯನ್ನು ನೀವೇ ಅಳೆಯಬೇಕಿಲ್ಲ. ಆಸ್ಟ್ರೇಲಿಯಾದ ಹವಾಮಾನ ಸಂಸ್ಥೆ bom.gov.au ತಾಣದಲ್ಲಿ ಇದನ್ನು ಆಗಾಗ ಹಾಕುತ್ತದೆ. ಅವರ ಬೆಳೆ, ಅವರ ಕಾಡ್ಗಿಚ್ಚು ಎಲ್ಲಾ ಇದೇ ತಕ್ಕಡಿಗೆ ಕಟ್ಟಿಕೊಂಡಿದೆ. ನಮ್ಮ ಹವಾಮಾನ ಇಲಾಖೆಯ ತಿಂಗಳ ವರದಿಯಲ್ಲೂ ಸಿಗುತ್ತದೆ. ಅಂಕಿ +0.4 ದಾಟಿ ಎರಡು ತಿಂಗಳು ಅಲ್ಲೇ ನಿಂತರೆ ಪಾಸಿಟಿವ್ ಅಂತ ಹಿಡಿಯುವುದು ವಾಡಿಕೆ. ಒಂದು ವಾರ ಏರಿತು ಅಂತ ಸಂಭ್ರಮಪಡಬೇಡಿ, ವಾರದ ಅಂಕಿ ಕುಣಿಯುತ್ತಲೇ ಇರುತ್ತದೆ.

ಹೆಜ್ಜೆ 2: ಯಾವ ತಟ್ಟೆ ಅಲುಗಿತು?

ಹೆಚ್ಚಿನವರು ನೋಡದೇ ಬಿಡುವುದು ಇದನ್ನೇ. +0.8 ಅಂತ ಬಂತು ಅನ್ನಿ. ಪೂರ್ವ 0.6 ತಣ್ಣಗಾಗಿ, ಪಶ್ಚಿಮ 0.2 ಬಿಸಿಯಾಗಿ ಬಂದಿದ್ದರೆ ಅದು ನಿಜವಾದ ವಾಲಿಕೆ. ಸುಮಾತ್ರಾ ದಡದಲ್ಲಿ ತಣ್ಣೀರು ಮೇಲೆದ್ದಿದೆ ಅಂತ ಅರ್ಥ. ಪೂರ್ವ ವಾಡಿಕೆಯಲ್ಲೇ ಇದ್ದು ಪಶ್ಚಿಮ ಮಾತ್ರ 0.8 ಬಿಸಿಯಾಗಿದ್ದರೂ ಅಂಕಿ ಅದೇ ಬರುತ್ತದೆ, ಆದರೆ ತಾನೇ ಬೆಳೆಯುವ ಆಟ ಇನ್ನೂ ಶುರುವಾಗಿಲ್ಲ.

ಹಿಂದೂ ಮಹಾಸಾಗರ ಇಡೀ ದಶಕಗಳಿಂದ ಬಿಸಿಯಾಗುತ್ತಿರುವುದರಿಂದ ಇದು ಈಗ ಇನ್ನೂ ಮುಖ್ಯ. ಹಳೆಯ ವಾಡಿಕೆಗೆ ಹೋಲಿಸಿದರೆ ಎಲ್ಲಾ ಕಡೆಯೂ ‘ಬಿಸಿ’ ಅಂತಲೇ ತೋರಿಸುತ್ತದೆ. ಹಾಗಾಗಿ ನನ್ನ ನೋಟ್‌ಬುಕ್‌ನಲ್ಲಿ ಮೂರು ಕಾಲಂ: ಪಶ್ಚಿಮ, ಪೂರ್ವ, ವ್ಯತ್ಯಾಸ. ಮೊದಲು ಕಣ್ಣು ಹೋಗುವುದು ಪೂರ್ವದ ಕಾಲಂಗೆ.

ಹೆಜ್ಜೆ 3: ಮೋಡ ಸರಿದಿದೆಯಾ?

ನೀರು ತಣ್ಣಗಾದ ಮಾತ್ರಕ್ಕೆ ಮಳೆ ಬದಲಾಗುವುದಿಲ್ಲ. ಗಾಳಿ ಮತ್ತು ಮೋಡ ಅದಕ್ಕೆ ಒಗ್ಗಬೇಕು. ಐಐಎಸ್‌ಸಿಯ ಸುಲೋಚನಾ ಗಾಡ್ಗೀಳ್ ಮತ್ತು ಜೊತೆಗಾರರು 2004ರಲ್ಲಿ ಇದನ್ನೇ ತೋರಿಸಿದರು. ಅವರು ನೀರಿನ ಬಿಸಿಯ ಬದಲು ಅದೇ ಸಮಭಾಜಕದ ಮೇಲಿನ ಮೋಡ ಮತ್ತು ಗಾಳಿಯ ತಕ್ಕಡಿಯನ್ನು ಹಿಡಿದರು. ಅದಕ್ಕೆ ‘ಇಕ್ವಿನೂ’ ಅಂತ ಹೆಸರು. ನಮ್ಮ ಅತಿಮಳೆ ಮತ್ತು ಬರದ ವರ್ಷಗಳನ್ನು ಅರ್ಥ ಮಾಡಿಕೊಳ್ಳಲು, ಪೆಸಿಫಿಕ್ ಸಾಗರದ ನೀರು ವಾಡಿಕೆಗಿಂತ ಬಿಸಿಯಾಗುವ ಎಲ್ ನಿನೊ ಜೊತೆ ಇಕ್ವಿನೂವನ್ನೂ ಸೇರಿಸಿ ನೋಡಬೇಕು ಎಂಬುದು ಅವರ ಮಾತು.

ಮನೆಯಲ್ಲಿ ಇದನ್ನು ನೋಡುವುದು ಸುಲಭ. ಉಪಗ್ರಹದ ಮೋಡದ ಚಿತ್ರವನ್ನು ವಾರಕ್ಕೆ ಎರಡು ಮೂರು ಸಲ ತೆರೆಯಿರಿ. ಸುಮಾತ್ರಾದ ಪಶ್ಚಿಮಕ್ಕೆ ಕಡಲು ಬೋಳಾಗಿದೆಯಾ? ಸೊಮಾಲಿಯಾ ಕಡೆಯ ಸಮಭಾಜಕದಲ್ಲಿ ಬಿಳಿ ಮುದ್ದೆ ಕಟ್ಟಿದೆಯಾ? ಎರಡಕ್ಕೂ ‘ಹೌದು’ ಬಂದರೆ ಅಂಕಿಯನ್ನು ನಂಬಿ. ಸುಮಾತ್ರಾ ಮೇಲೆ ಇನ್ನೂ ಮೋಡ ತುಂಬಿದ್ದರೆ ಅಂಕಿ ಎಷ್ಟೇ ಇರಲಿ, ಕಾಯಿರಿ.

ಹೆಜ್ಜೆ 4: ಯಾವ ಮಳೆ ನಡೀತಿದೆ?

ಐಒಡಿ ಮೇ–ಜೂನ್‌ನಲ್ಲಿ ಮೊಳೆಯುತ್ತದೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಪೂರ್ತಿ ಬಲಿಯುತ್ತದೆ, ಡಿಸೆಂಬರ್ ಹೊತ್ತಿಗೆ ಮುಗಿಯುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಮೃಗಶಿರ, ಆರಿದ್ರಾ ಮಳೆಗೆ ಅದು ಇನ್ನೂ ಎಳೆಕೂಸು. ಬಲ ಬರುವುದು ಉತ್ತರೆ, ಹಸ್ತ, ಚಿತ್ತೆಗೆ. ಬಿತ್ತನೆಯ ಮಳೆಯನ್ನು ಐಒಡಿ ನೋಡಿ ಹೇಳಲು ಹೋಗಬಾರದು. ಏಪ್ರಿಲ್‌ನಲ್ಲಿ ಬರುವ ಐಒಡಿ ಮುನ್ಸೂಚನೆಗಳೂ ಅಷ್ಟು ಗಟ್ಟಿಯಲ್ಲ, ಜೂನ್ ದಾಟಿದ ಮೇಲೆ ಬರುವುದು ವಾಸಿ.

ಹೆಜ್ಜೆ 5: ಪೆಸಿಫಿಕ್ ಕಡೆ ಒಮ್ಮೆ ಇಣುಕಿ

ಎಲ್ ನಿನೊ ಇದ್ದರೆ ನಮ್ಮ ಮುಂಗಾರು ಸೊರಗುವುದು ಜಾಸ್ತಿ. ಪಾಸಿಟಿವ್ ಐಒಡಿ ಅದಕ್ಕೆ ಎದುರಾಗಿ ಎಳೆಯಬಲ್ಲದು. 1997ರಲ್ಲಿ ಶತಮಾನದ ದೊಡ್ಡ ಎಲ್ ನಿನೊಗಳಲ್ಲಿ ಒಂದು ಇತ್ತು. ಎಲ್ಲರೂ ಬರ ಅಂದುಕೊಂಡರು. ಜೋರಾದ ಪಾಸಿಟಿವ್ ಐಒಡಿ ಜೊತೆಗಿತ್ತು, ದೇಶದ ಮಳೆ ಸರಾಸರಿಯ 102 ಶೇಕಡಾ ಆಯಿತು.

2019: ಹೆಜ್ಜೆ ಹಾಕಿ ನೋಡೋಣ

ಆ ವರ್ಷ ಮುಂಗಾರು ಕೇರಳಕ್ಕೆ ಬಂದಿದ್ದೇ ಜೂನ್ 8ಕ್ಕೆ, ವಾರ ತಡವಾಗಿ. ಅರಬ್ಬಿ ಸಮುದ್ರದ ‘ವಾಯು’ ಚಂಡಮಾರುತ ಮುಂಗಾರನ್ನು ಇನ್ನಷ್ಟು ತಡೆಯಿತು. ಪೆಸಿಫಿಕ್‌ನಲ್ಲಿ ಸಣ್ಣ ಎಲ್ ನಿನೊ ಬಾಲ ಉಳಿದಿತ್ತು. ಜೂನ್ ಮಳೆ ಶೇ 33 ಕಡಿಮೆ. ಐಒಡಿ ಅಷ್ಟರಲ್ಲೇ ಪಾಸಿಟಿವ್ ಕಡೆ ಹೊರಳಿತ್ತು, ಆದರೂ ಜೂನ್‌ಗೆ ಅದು ಉಪಯೋಗಕ್ಕೆ ಬರಲಿಲ್ಲ. ನಾಲ್ಕನೇ ಹೆಜ್ಜೆ ಹೇಳುವುದು ಇದನ್ನೇ.

ಜುಲೈನಲ್ಲಿ ಎಲ್ ನಿನೊ ಮುಗಿಯಿತು. ಆಗಸ್ಟ್‌ನಲ್ಲಿ ದೇಶದ ಮಳೆ ಸರಾಸರಿಗಿಂತ ಶೇ 15 ಜಾಸ್ತಿ. ಅದೇ ಆಶ್ಲೇಷ ಮಳೆಯಲ್ಲಿ ಬೆಳಗಾವಿ, ಬಾಗಲಕೋಟೆಯಲ್ಲಿ ಕೃಷ್ಣಾ, ಮಲಪ್ರಭಾ ಉಕ್ಕಿ ಊರುಗಳು ಮುಳುಗಿದವು, ಕೊಡಗಿನಲ್ಲಿ ಗುಡ್ಡ ಕುಸಿಯಿತು. ಆ ನೆರೆಗೆ ಐಒಡಿಯೇ ಕಾರಣ ಅಂತ ಬರೆದುಬಿಡುವುದು ತಪ್ಪು. ಒಂದು ವಾರದ ಮಳೆಯನ್ನು ತರುವುದು ಕೊಲ್ಲಿಯ ವಾಯುಭಾರ ಕುಸಿತ, ಘಟ್ಟಕ್ಕೆ ಅಪ್ಪಳಿಸುವ ಗಾಳಿ. ಐಒಡಿ ಇಡೀ ಕಾಲದ ಒಲವನ್ನು ಮಾತ್ರ ಬದಲಿಸುತ್ತದೆ.

ಅದರ ಗುರುತು ಸ್ಪಷ್ಟವಾಗಿ ಕಂಡಿದ್ದು ಸೆಪ್ಟೆಂಬರ್‌ನಲ್ಲಿ. ತಿಂಗಳ ಮಳೆ ಸರಾಸರಿಯ ಒಂದೂವರೆ ಪಟ್ಟು, ಶೇ 152. ಮುಂಗಾರು ರಾಜಸ್ಥಾನದಿಂದ ಹಿಂದೆ ಸರಿಯಲು ಶುರು ಮಾಡಿದ್ದು ಅಕ್ಟೋಬರ್ 9ಕ್ಕೆ. ಆಗಿನ ವಾಡಿಕೆ ಸೆಪ್ಟೆಂಬರ್ 1 ಆಗಿತ್ತು. ಅಕ್ಟೋಬರ್‌ನಲ್ಲಿ ವಾರದ ಸೂಚ್ಯಂಕ +2 ದಾಟಿತು. ಕಾಲದ ಒಟ್ಟು ಮಳೆ ಶೇ 110, 1994ರ ನಂತರ ಅಷ್ಟು ಆಗಿರಲಿಲ್ಲ. 1994 ಕೂಡ ಪಾಸಿಟಿವ್ ಐಒಡಿ ವರ್ಷವೇ. ಬಿಸಿಯಾಗಿದ್ದ ಅರಬ್ಬಿ ಸಮುದ್ರದಲ್ಲಿ ‘ಕ್ಯಾರ್’ ಮತ್ತು ‘ಮಹಾ’ ಎಂಬ ಎರಡು ಚಂಡಮಾರುತಗಳು ಒಟ್ಟಿಗೇ ತಿರುಗಿದವು. ಪೂರ್ವ ಆಫ್ರಿಕಾದಲ್ಲಿ ನೆರೆ ಬಂತು. ಇನ್ನೊಂದು ತಟ್ಟೆಯ ಕಡೆ ಆಸ್ಟ್ರೇಲಿಯಾ ಒಣಗಿ ಕಾಡು ಹೊತ್ತಿತು.

ಚಿಕ್ಕಪ್ಪನಿಗೆ ಹೇಳಬೇಕಿದ್ದ ಉತ್ತರ

2023ಕ್ಕೆ ಇದೇ ಹೆಜ್ಜೆ ಹಾಕಿದರೆ ಎಡವಿದ್ದು ಎಲ್ಲಿ ಅಂತ ಕಾಣುತ್ತದೆ. ಎಲ್ ನಿನೊ ಬೆಳೆಯುತ್ತಿತ್ತು. ಐಒಡಿ ಪಾಸಿಟಿವ್ ಗೆರೆ ದಾಟಿದ್ದು ಆಗಸ್ಟ್ ಹೊತ್ತಿಗೆ, ಬಲಿತಿದ್ದು ಸೆಪ್ಟೆಂಬರ್–ಅಕ್ಟೋಬರ್‌ಗೆ. ಅಷ್ಟರಲ್ಲಿ ಆಗಸ್ಟ್ ಕೈಕೊಟ್ಟಿತ್ತು. ದೇಶದಲ್ಲಿ ಶೇ 36 ಕೊರತೆ, 1901ರಿಂದ ಅಂಥ ಒಣ ಆಗಸ್ಟ್ ಬಂದಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ದೇಶದ ಮಳೆ ಸರಾಸರಿಗಿಂತ ಮೇಲೆ ಹೋಯಿತು, ಕಾಲದ ಒಟ್ಟು ಶೇ 94ಕ್ಕೆ ನಿಂತಿತು. ಕರ್ನಾಟಕಕ್ಕೆ ಆ ಚೇತರಿಕೆ ಮುಟ್ಟಲಿಲ್ಲ. ಸೆಪ್ಟೆಂಬರ್ ಮಧ್ಯದಲ್ಲೇ 195 ತಾಲ್ಲೂಕುಗಳನ್ನು ಬರಪೀಡಿತ ಅಂತ ಸಾರಿದರು. ಐಒಡಿಯ ಮೇವು ಮೊದಲು ಹೋಗುವುದು ಮಧ್ಯ ಭಾರತದ ಮಳೆಪಟ್ಟಿಗೆ, ಚಳ್ಳಕೆರೆಯ ಶೇಂಗಾ ಹೊಲಕ್ಕಲ್ಲ.

ಈಗ ಚಿಕ್ಕಪ್ಪ ಫೋನ್ ಮಾಡಿದರೆ ಪೂರ್ವದ ಕಾಲಂ ಓದಿ ಹೇಳುತ್ತೇನೆ. ಆಗಸ್ಟ್‌ನಲ್ಲಾದರೆ ‘ಇದನ್ನು ನಂಬಿ ಕೂರಬೇಡಿ, ಶೇಂಗಾಕ್ಕೆ ನೀರಿನ ದಾರಿ ಬೇರೆ ನೋಡಿ’ ಅಂತ. ಅಕ್ಟೋಬರ್‌ನಲ್ಲಾದರೆ ಮಾತು ಬೇರೆ. ಪಾಸಿಟಿವ್ ಐಒಡಿ ಇದ್ದಾಗ ದಕ್ಷಿಣದ ಹಿಂಗಾರು ಚೆನ್ನಾಗಿ ಆಗುವ ಸಾಧ್ಯತೆ ಹೆಚ್ಚು, ಕಡಲೆ ಹಾಕುವ ಯೋಚನೆ ಮಾಡಬಹುದು. ನವೆಂಬರ್ ಕಳೆಯುತ್ತಿದ್ದಂತೆ ಸುಮಾತ್ರಾ ಕಡೆ ಗಾಳಿ ದಿಕ್ಕು ಬದಲಿಸುತ್ತದೆ, ತಣ್ಣೀರು ಏಳುವುದು ನಿಲ್ಲುತ್ತದೆ, ಎರಡೂ ತಟ್ಟೆ ಸಮಕ್ಕೆ ಬರುತ್ತವೆ. ಅಲ್ಲಿಗೆ ನೋಟ್‌ಬುಕ್ ಮುಚ್ಚಿಡುತ್ತೇನೆ. ಮತ್ತೆ ತೆರೆಯುವುದು ಮೇ ಕೊನೆಗೆ.