ಎರಡನೇ ಚರಣ ಸಪ್ಪೆಯಾಗುತ್ತಿತ್ತು: ಬ್ರಿಡ್ಜ್ ಮೊದಲು ಬರೆದಾಗ ಸರಿಹೋಯಿತು

ನಾನು ಬರೆಯುತ್ತಿದ್ದ ಹಾಡಿನ ಪಲ್ಲವಿ: "ಬಾಗಿಲು ತೆರೆದೇ ಇದೆ". ಮೊದಲ ಚರಣದಲ್ಲಿ ಕಾಯುವಿಕೆ, ಎರಡನೆಯದರಲ್ಲೂ ಅದೇ. ಕೊನೆಯ ಪಲ್ಲವಿಗೆ ಮುಂಚೆ ಒಮ್ಮೆ ಮಾತ್ರ ಬರುವ ಬೇರೆ ಧಾಟಿಯ ಭಾಗವಾದ ಬ್ರಿಡ್ಜ್ ಬಂದರೂ ದನಿ ಏರಿತೇ ಹೊರತು ಅರ್ಥ ಕದಲಲಿಲ್ಲ.

ಶ್ರುತಿ ಏರಿಸಿದೆ, ಉಪಮೆ ಬದಲಿಸಿದೆ, ಚರಣಗಳನ್ನು ಅದಲುಬದಲು ಮಾಡಿದೆ. ಉಪಯೋಗವಾಗಲಿಲ್ಲ. ಅದಲುಬದಲಾದರೂ ಹಾಡು ಕೆಡಲಿಲ್ಲ ಎಂದರೆ ಅಲ್ಲಿ ಭಾವದ ಏರಿಳಿತವೇ ಇಲ್ಲ ಎಂದರ್ಥ.

ಕೆಲಸ ಮಾಡಿದ ಕ್ರಮ ಇದು. ಮೊದಲು ಬ್ರಿಡ್ಜ್ ಬರೆದೆ, ನಾಲ್ಕೇ ಸಾಲು. ಅದುವರೆಗೆ ಹಾಡುವವಳು ಮುಚ್ಚಿಟ್ಟದ್ದು ಅಲ್ಲಿ ಹೊರಬರಬೇಕು: "ಹೋಗು ಅಂದವಳು ನಾನೇ". ಪಲ್ಲವಿಯ ಯಾವ ಪದವನ್ನೂ ಅಲ್ಲಿ ಬಳಸಲಿಲ್ಲ, ಪ್ರಾಸವನ್ನೂ ಬಿಟ್ಟೆ. ಆಮೇಲೆ ಹಿಂದಕ್ಕೆ ಬಂದೆ. ಮೊದಲ ಚರಣದಲ್ಲಿ ಅವನು ಬಂದೇ ಬರುತ್ತಾನೆಂಬ ನಂಬಿಕೆ. ಎರಡನೆಯದರಲ್ಲಿ ಅನುಮಾನ, ಜೊತೆಗೆ ಒಂದೇ ಸುಳಿವು: "ಆ ರಾತ್ರಿಯ ಮಾತು ಇನ್ನೂ ಇಲ್ಲೇ ಇದೆ". ಸುಳಿವಿಲ್ಲದಿದ್ದರೆ ಬ್ರಿಡ್ಜ್ ಮೋಸ ಅನಿಸುತ್ತದೆ. ಎರಡಾದರೆ ಕೇಳುಗರು ಮೊದಲೇ ಊಹಿಸುತ್ತಾರೆ.

ಕೊನೆಯ ಪಲ್ಲವಿಯಲ್ಲಿ ಒಂದಕ್ಷರವನ್ನೂ ಬದಲಿಸಬೇಡಿ. ಮೊದಲು ಆಹ್ವಾನವಾಗಿದ್ದ ಸಾಲು ಈಗ ಕ್ಷಮೆ ಕೇಳುತ್ತದೆ. ಪರೀಕ್ಷೆಗೆ, ಬ್ರಿಡ್ಜ್ ಬಿಟ್ಟು ಒಮ್ಮೆ ಹಾಡಿ. ಕೊನೆಯ ಪಲ್ಲವಿ ಆಗಲೂ ಅದೇ ಅರ್ಥ ಕೊಟ್ಟರೆ ಬ್ರಿಡ್ಜನ್ನೇ ಮತ್ತೆ ಬರೆಯಬೇಕು.