ಇಂಟರ್ನ್‌ಶಿಪ್ ಕೇಳಿ ಕಂಪನಿಗೆ ಇಮೇಲ್: ಕರಡನ್ನು ತಿದ್ದುವುದು ಹೇಗೆ?

ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಒಂದು ಸಣ್ಣ ಘಟಕದ ಕಚೇರಿಯಲ್ಲಿ ನನ್ನ ಕೆಲಸ. ಕಂಪನಿಯ ಇಮೇಲ್ ಪೆಟ್ಟಿಗೆಯನ್ನು ಬೆಳಿಗ್ಗೆ ಮೊದಲು ತೆರೆಯುವುದು ನಾನೇ. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಅದರಲ್ಲಿ ಇಂಟರ್ನ್‌ಶಿಪ್ ಕೇಳುವ ಪತ್ರಗಳು ತುಂಬಿಕೊಳ್ಳುತ್ತವೆ. ಬಹುಪಾಲು ಪತ್ರಗಳಿಗೆ ಉತ್ತರ ಹೋಗುವುದಿಲ್ಲ. ಹುಡುಗರು ದಡ್ಡರೆಂದಲ್ಲ, ಅವರ ಪತ್ರವನ್ನು ಯಾರ ಮುಂದೆ ಇಡಬೇಕು ಎಂಬುದೇ ನನಗೆ ತಿಳಿಯುವುದಿಲ್ಲ. ಹೋದ ವರ್ಷ ತುಮಕೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿರುವ ನನ್ನ ತಂಗಿಯ ಮಗಳು ತಾನು ಬರೆದ ಕರಡನ್ನು ಮೊಬೈಲ್‌ನಲ್ಲಿ ಕಳುಹಿಸಿದಳು. ನಾನು ದಿನವೂ ನೋಡುವ ತಪ್ಪುಗಳೆಲ್ಲ ಅದರಲ್ಲಿದ್ದವು. ಒಂದು ಭಾನುವಾರ ಪೂರ್ತಿ ಕೂತು ಅದನ್ನು ತಿದ್ದಿದೆವು. ಆ ಕರಡು ಹೀಗಿತ್ತು:

"ಹಾಯ್ ಸರ್, ನಾನು ಮೆಕ್ಯಾನಿಕಲ್ ವಿದ್ಯಾರ್ಥಿನಿ. ನನಗೆ ಇಂಟರ್ನ್‌ಶಿಪ್ ಬೇಕಾಗಿದೆ. ನಿಮ್ಮ ಕಂಪನಿಯಲ್ಲಿ ಅವಕಾಶ ಇದೆಯೇ? ಯಾವ ವಿಭಾಗವಾದರೂ ಪರವಾಗಿಲ್ಲ. ನಾನು ಬೇಗ ಕಲಿಯುತ್ತೇನೆ, ಕಷ್ಟಪಟ್ಟು ಕೆಲಸ ಮಾಡುತ್ತೇನೆ. ದಯವಿಟ್ಟು ಬೇಗ ತಿಳಿಸಿ, ತುಂಬಾ ಅರ್ಜೆಂಟ್."

ಮೊದಲ ಹೆಜ್ಜೆ: ಕರಡು ಕನ್ನಡದಲ್ಲಿರಲಿ

ಕಂಪನಿಗೆ ಹೋಗುವ ಪತ್ರ ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಇರುತ್ತದೆ. ಆದರೆ ನೇರವಾಗಿ ಇಂಗ್ಲಿಷಿನಲ್ಲಿ ಶುರುಮಾಡಿದರೆ ರಜಾ ಅರ್ಜಿಯ ಹಳೆಯ ವಾಕ್ಯಗಳು ತಾವಾಗಿಯೇ ಬಂದು ಕೂರುತ್ತವೆ, ಹೇಳಬೇಕಾದದ್ದು ಹಿಂದೆ ಉಳಿಯುತ್ತದೆ. ಮೊದಲು ಕನ್ನಡದಲ್ಲಿ ಬರೆದು, ವಿಷಯ ಗಟ್ಟಿಯಾದ ಮೇಲೆ ಇಂಗ್ಲಿಷಿಗೆ ತಿರುಗಿಸಿ. ಇಲ್ಲಿಯ ಮಾದರಿಗಳೂ ಹಾಗೆ ಕನ್ನಡದಲ್ಲಿ ಬರೆದುಕೊಂಡವೇ. ಸೈಬರ್ ಸೆಂಟರ್‌ಗಳಲ್ಲಿ ಸಿಗುವ ಸಿದ್ಧ ಮಾದರಿಯನ್ನು ಮಾತ್ರ ಮುಟ್ಟಬೇಡಿ. ಒಂದೇ ವಾರದಲ್ಲಿ ಒಂದೇ ಒಕ್ಕಣೆಯ ಆರು ಪತ್ರಗಳು ಆರು ಹೆಸರಿನಲ್ಲಿ ನನಗೆ ಬಂದಿವೆ. ಒಂದರಲ್ಲಿ ಕಂಪನಿಯ ಹೆಸರು ತುಂಬಬೇಕಾದ ಜಾಗ ಖಾಲಿಯೇ ಇತ್ತು.

ಎರಡನೆಯ ಹೆಜ್ಜೆ: ವಿಭಾಗವನ್ನು ನೀವೇ ಆರಿಸಿ

"ಯಾವ ವಿಭಾಗವಾದರೂ ಪರವಾಗಿಲ್ಲ" ಎಂಬ ಮಾತು ಬರೆಯುವವರಿಗೆ ವಿನಯದಂತೆ ಕಾಣುತ್ತದೆ. ಓದುವ ನನಗೆ ಅದು ಹೆಚ್ಚುವರಿ ಕೆಲಸ. ನಮ್ಮಲ್ಲಿ ಉತ್ಪಾದನೆ, ಕ್ವಾಲಿಟಿ, ಪ್ರೋಗ್ರಾಮಿಂಗ್, ಸ್ಟೋರ್ಸ್ ಎಂದು ನಾಲ್ಕು ಕಡೆ ನಾಲ್ವರು ಮೇಲ್ವಿಚಾರಕರಿದ್ದಾರೆ. ಪತ್ರದಲ್ಲಿ "ಕ್ವಾಲಿಟಿ" ಎಂದಿದ್ದರೆ ನಾನು ಅದನ್ನು ಕ್ವಾಲಿಟಿ ಮೇಲ್ವಿಚಾರಕರಿಗೆ ಕಳುಹಿಸಿ ಕೈ ತೊಳೆದುಕೊಳ್ಳಬಹುದು. ಏನೂ ಇಲ್ಲದಿದ್ದರೆ ನಾಲ್ವರನ್ನೂ ಕೇಳಬೇಕು, ಅದು ನಾಳೆಗೆ ಹೋಗುತ್ತದೆ, ನಾಳೆ ಮತ್ತೆ ನಾಳೆಗೆ.

ಆರಿಸುವುದಕ್ಕೆ ಕಂಪನಿಯ ಜಾಲತಾಣದಲ್ಲಿ ಎರಡು ಪುಟ ನೋಡಿದರೆ ಸಾಕು: ಏನನ್ನು ತಯಾರಿಸುತ್ತಾರೆ ಎಂಬುದು ಒಂದು, ಯಾವ ಯಂತ್ರಗಳಿವೆ ಎಂಬ ಪಟ್ಟಿ ಇನ್ನೊಂದು. ಕಂಪನಿಯ ಧ್ಯೇಯ, ದೃಷ್ಟಿ ಎಂದು ಬರೆದಿರುವ ಪುಟವನ್ನು ಓದಬೇಡಿ. ಅದರಿಂದ ಎತ್ತಿದ ಹೊಗಳಿಕೆ ಪತ್ರದಲ್ಲಿ ಕಂಡರೆ ನಾನು ಆ ಸಾಲನ್ನು ಹಾರಿಸಿ ಓದುತ್ತೇನೆ. ನಮ್ಮ ಹುಡುಗಿ ಆರಿಸಿದ ಘಟಕವೊಂದರ ಯಂತ್ರಗಳ ಪಟ್ಟಿಯಲ್ಲಿ ಸಿಎನ್‌ಸಿ ಲೇತ್‌ಗಳ ಜೊತೆಗೆ ಸಿಎಂಎಂ ಕೂಡ ಇತ್ತು. ತಯಾರಾದ ಭಾಗದ ಅಳತೆಯನ್ನು ಮೂರು ದಿಕ್ಕಿನಿಂದ ಮುಟ್ಟಿ ನೋಡುವ ಯಂತ್ರ ಅದು. ಅಂದರೆ ಅಲ್ಲಿ ಅಳತೆಗೆಂದೇ ಒಂದು ಕೋಣೆ, ಅದಕ್ಕೊಬ್ಬ ಜವಾಬ್ದಾರರು ಇರುತ್ತಾರೆ. ಅವಳಿಗೆ ಇಷ್ಟವಾದ ವಿಷಯವೂ ಮಾಪನವೇ. ವಿಭಾಗ ಅಲ್ಲಿಗೆ ನಿಶ್ಚಯವಾಯಿತು.

ಮೂರನೆಯ ಹೆಜ್ಜೆ: ನೀವು ಮಾಡಿದ ಒಂದು ಕೆಲಸ

ಎಲ್ಲರೂ ಮುಗ್ಗರಿಸುವುದು ಇಲ್ಲಿ. ನಮ್ಮ ಭಾನುವಾರದ ಅರ್ಧ ಭಾಗವೂ ಇಲ್ಲೇ ಕಳೆಯಿತು.

"ಬೇಗ ಕಲಿಯುತ್ತೇನೆ" ಎಂಬುದನ್ನು ತೆಗೆದುಹಾಕಿ ಬೇರೆ ಬರೆ ಎಂದೆ. ಅವಳು ಬರೆದದ್ದು: "ಗುಣಮಟ್ಟ ನಿಯಂತ್ರಣದಲ್ಲಿ ನನಗೆ ಅಪಾರ ಆಸಕ್ತಿ ಇದೆ." ಇದೂ ಅದೇ ಜಾತಿಯ ವಾಕ್ಯ. ಯಾರು ಬೇಕಾದರೂ ಬರೆಯಬಹುದು, ಯಾರೂ ಪರೀಕ್ಷಿಸಲಾಗದು. ಮೂರನೆಯ ಸಲ ಹೆದರಿಕೆಯಿಂದ ಇನ್ನೊಂದು ಕಡೆಗೆ ವಾಲಿದಳು: "ಸಿಎಂಎಂ ಬಳಕೆಯಲ್ಲಿ ಪರಿಣತಿ ಇದೆ." ನಿಜವಾಗಿ ಅವಳು ಅದನ್ನು ಕಾಲೇಜಿನ ಕೈಗಾರಿಕಾ ಭೇಟಿಯಲ್ಲಿ ಗಾಜಿನಾಚೆಯಿಂದ ನೋಡಿದ್ದಳು, ಅಷ್ಟೇ. ಅಳೆಯುವ ಮೊದಲು ಪ್ರೋಬ್ ಅನ್ನು ಏಕೆ ಕ್ಯಾಲಿಬ್ರೇಟ್ ಮಾಡಬೇಕು ಎಂದು ಮೇಲ್ವಿಚಾರಕರು ಕೇಳುವ ಒಂದೇ ಪ್ರಶ್ನೆಗೆ ಈ ಸುಳ್ಳು ಬಯಲಾಗುತ್ತದೆ. ಆಮೇಲೆ ನಿಜವಾಗಿ ಬರುವ ವಿದ್ಯೆಯನ್ನೂ ಅವರು ನಂಬುವುದಿಲ್ಲ.

ಕೊನೆಗೆ ಪತ್ರವನ್ನು ಪಕ್ಕಕ್ಕಿಟ್ಟು ಕೇಳಿದೆ: "ಲ್ಯಾಬ್‌ನಲ್ಲಿ ನಿನ್ನ ಕೈಯಾರೆ ಏನನ್ನು ಅಳೆದಿದ್ದೀಯಮ್ಮ?" ಆಗ ಹೊರಬಿತ್ತು. ಕಾಲೇಜಿನ ಕಾರ್ಯಾಗಾರದಲ್ಲಿ 30 ಶಾಫ್ಟ್‌ಗಳನ್ನು ಒಂದೇ ಟೂಲ್‌ನಿಂದ, ನಡುವೆ ಹೊಂದಾಣಿಕೆ ಬದಲಿಸದೆ ಲೇತ್‌ನಲ್ಲಿ ತಿರುವಿದ್ದರು. ಅವುಗಳ ವ್ಯಾಸವನ್ನು ಅವಳು ಮೈಕ್ರೋಮೀಟರ್‌ನಿಂದ ಅಳೆದು ತಯಾರಾದ ಕ್ರಮದಲ್ಲೇ ನಕ್ಷೆಗೆ ಹಾಕಿದ್ದಳು. ಗೆರೆ ನಿಧಾನವಾಗಿ ಮೇಲಕ್ಕೇರಿತ್ತು. ಟೂಲ್‌ನ ಮೊನೆ ಸವೆದಂತೆ ಅದು ಕತ್ತರಿಸುವುದು ಕಡಿಮೆಯಾಗುತ್ತದೆ, ಶಾಫ್ಟ್ ಕೂದಲೆಳೆಯಷ್ಟು ದಪ್ಪವಾಗುತ್ತಾ ಹೋಗುತ್ತದೆ. ಯಾವುದೇ ಟರ್ನಿಂಗ್ ಘಟಕದ ಕ್ವಾಲಿಟಿ ಮೇಲ್ವಿಚಾರಕರು ದಿನವೂ ಎದುರಿಸುವ ತಲೆನೋವು ಇದೇ. ಇದನ್ನು ತನ್ನ ಕಣ್ಣಾರೆ ಕಂಡ ಹುಡುಗಿ ಇದನ್ನು ಬಿಟ್ಟು "ಕಷ್ಟಪಟ್ಟು ಕೆಲಸ ಮಾಡುತ್ತೇನೆ" ಎಂದು ಬರೆದಿದ್ದಳು. ಏಕೆ ಬರೆಯಲಿಲ್ಲ ಎಂದರೆ, "ಅದು ಬರೀ ಲ್ಯಾಬ್ ಕೆಲಸ ಅಲ್ಲವೇ ದೊಡ್ಡಮ್ಮ?" ಎಂದಳು.

ಆದ್ದರಿಂದ ಈ ಸಾಲು ಹುಡುಕುವಾಗ ಪದವಿ, ಅಂಕ, ಆಸಕ್ತಿ ಎಲ್ಲವನ್ನೂ ಮರೆತುಬಿಡಿ. ಏನನ್ನು ಮಾಡಿದಿರಿ, ಯಾವ ಸಾಧನದಿಂದ, ಎಷ್ಟು, ಏನು ಕಂಡಿತು ಎಂಬ ನಾಲ್ಕಕ್ಕೂ ನಿಮ್ಮ ವಾಕ್ಯದಲ್ಲಿ ಉತ್ತರವಿರಬೇಕು. ಇಂಥದ್ದು ಒಂದೇ ಇರಲಿ. ಮೂರು ಸೇರಿಸಿದರೆ ಯಾವುದೂ ನೆನಪಿನಲ್ಲಿ ಉಳಿಯುವುದಿಲ್ಲ, ಉಳಿದವಕ್ಕೆ ರೆಸ್ಯೂಮೆ ಇದೆ. ಬರೆದಾದ ಮೇಲೆ ನಿಮ್ಮ ತರಗತಿಯ ಇನ್ನೊಬ್ಬರ ಹೆಸರು ಹಾಕಿ ಓದಿ. ಆಗಲೂ ವಾಕ್ಯ ನಿಜವಾಗಿಯೇ ಉಳಿದರೆ ಅದು ನಿಮ್ಮ ವಾಕ್ಯವಲ್ಲ, ಮತ್ತೆ ಬರೆಯಿರಿ.

ನಾಲ್ಕನೆಯ ಹೆಜ್ಜೆ: ದಿನಾಂಕ ಹಾಕಿ ಕೇಳಿ

"ಬೇಗ ತಿಳಿಸಿ, ಅರ್ಜೆಂಟ್" ಎಂಬುದರ ಬದಲು ಯಾವತ್ತಿನಿಂದ ಯಾವತ್ತಿನವರೆಗೆ ಎಂದು ಬರೆಯಿರಿ. ಕಾಲೇಜು ಎಷ್ಟು ವಾರ ಕೇಳುತ್ತದೆ, ಕಾಲೇಜಿನ ಪತ್ರ ತರುತ್ತೀರಾ ಎಂಬುದನ್ನೂ ಸೇರಿಸಿ. ಅಪ್ರೆಂಟಿಸ್ ಎಂಬ ಪದವನ್ನು ಇಂಟರ್ನ್‌ಶಿಪ್‌ಗೆ ಬದಲಾಗಿ ಬಳಸಬೇಡಿ. ಅದಕ್ಕೆ 1961ರ ಬೇರೆಯದೇ ಕಾಯ್ದೆ ಇದೆ, ಒಪ್ಪಂದ, ಸ್ಟೈಪೆಂಡ್ ಎಲ್ಲವೂ ಅದರೊಳಗೆ ಬರುತ್ತವೆ. ಆ ಪದ ಕಂಡ ಕೂಡಲೇ ಸಣ್ಣ ಘಟಕದ ಮಾಲೀಕರು ಹಿಂದೆ ಸರಿಯುತ್ತಾರೆ. ಹಣದ ಮಾತು ಮೊದಲ ಪತ್ರದಲ್ಲಿ ಬೇಡ, ಕರೆದ ಮೇಲೆ ಧೈರ್ಯವಾಗಿ ಕೇಳಿ. ಇಷ್ಟು ಹಣ ಕಟ್ಟಿದರೆ ಮನೆಯಲ್ಲೇ ಕೂತು ಇಂಟರ್ನ್‌ಶಿಪ್ ಪ್ರಮಾಣಪತ್ರ ಪಡೆಯಬಹುದು ಎನ್ನುವವರ ಕಡೆಗೆ ತಿರುಗಿಯೂ ನೋಡಬೇಡಿ. ಅಂಥ ಕಾಗದ ಹಿಡಿದು ಕೆಲಸಕ್ಕೆ ಬಂದವರು ಶಾಪ್‌ನಲ್ಲಿ ಏನು ಮಾಡಿದಿರಿ ಎಂದು ಕೇಳಿದಾಗ ತಲೆ ತಗ್ಗಿಸುವುದನ್ನು ನಾನು ನೋಡಿದ್ದೇನೆ. ನೋಡಲು ನೋವಾಗುತ್ತದೆ.

ಇಷ್ಟಾದ ಮೇಲೆ ಪತ್ರ ಹೀಗಾಯಿತು. ವಿಷಯದ ಸಾಲು: "ಕ್ವಾಲಿಟಿ ವಿಭಾಗದಲ್ಲಿ ಇಂಟರ್ನ್‌ಶಿಪ್ ಕೋರಿಕೆ, ಜುಲೈ 6ರಿಂದ 4 ವಾರ, ಮೆಕ್ಯಾನಿಕಲ್ 6ನೇ ಸೆಮಿಸ್ಟರ್".

"ಮಾನ್ಯರೇ,

ನಾನು ತುಮಕೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ 6ನೇ ಸೆಮಿಸ್ಟರ್ ಓದುತ್ತಿದ್ದೇನೆ. ಜುಲೈ 6ರಿಂದ ಆಗಸ್ಟ್ 1ರವರೆಗೆ ನಿಮ್ಮ ಕ್ವಾಲಿಟಿ ವಿಭಾಗದಲ್ಲಿ ಇಂಟರ್ನ್‌ಶಿಪ್ ಮಾಡಲು ಅವಕಾಶ ಕೋರುತ್ತೇನೆ.

ಈ ಸೆಮಿಸ್ಟರ್‌ನಲ್ಲಿ ಒಂದೇ ಟೂಲ್‌ನಿಂದ ತಿರುವಿದ 30 ಶಾಫ್ಟ್‌ಗಳ ವ್ಯಾಸವನ್ನು ಮೈಕ್ರೋಮೀಟರ್‌ನಿಂದ ಅಳೆದು, ಟೂಲ್ ಸವೆದಂತೆ ವ್ಯಾಸ ಹೆಚ್ಚುವುದನ್ನು ನಕ್ಷೆಯಲ್ಲಿ ಗುರುತಿಸಿದ್ದೇನೆ. ನಿಮ್ಮಲ್ಲಿ ಸಿಎಂಎಂ ಇರುವುದನ್ನು ಜಾಲತಾಣದಲ್ಲಿ ನೋಡಿದೆ. ಅದನ್ನು ಭೇಟಿಯೊಂದರಲ್ಲಿ ನೋಡಿದ್ದೇನೆ, ಬಳಸಿಲ್ಲ. ಕೈ ಅಳತೆಯಲ್ಲಿ ಮತ್ತು ತಪಾಸಣೆ ವರದಿ ದಾಖಲಿಸುವಲ್ಲಿ ಮೊದಲ ದಿನದಿಂದ ನೆರವಾಗಬಲ್ಲೆ.

ಪೂರ್ಣ ಪಾಳಿ ಬರಬಲ್ಲೆ. ಕಾಲೇಜಿನ ಪತ್ರ ತರುತ್ತೇನೆ. ರೆಸ್ಯೂಮೆ ಲಗತ್ತಿಸಿದ್ದೇನೆ.

ವಂದನೆಗಳೊಂದಿಗೆ,"

ಕೆಳಗೆ ಹೆಸರು, ಕಾಲೇಜು, ಮೊಬೈಲ್ ಸಂಖ್ಯೆ. "ಬಳಸಿಲ್ಲ" ಎಂಬ ಪದವನ್ನು ತೆಗೆಯಲು ಅವಳು ಬಹಳ ಹಟ ಮಾಡಿದಳು. ನಾನು ಬಿಡಲಿಲ್ಲ. ಆ ಒಂದು ಪದದಿಂದಲೇ ಅದರ ಹಿಂದಿನ ವಾಕ್ಯ ನಿಜವೆನಿಸುತ್ತದೆ.

ಐದನೆಯ ಹೆಜ್ಜೆ: ಕಳುಹಿಸುವುದು

ಲಗತ್ತನ್ನು ಮೊದಲು ಸೇರಿಸಿ, ವಿಳಾಸವನ್ನು ಕೊನೆಯಲ್ಲಿ ತುಂಬಿ. ಆಗ ಅರ್ಧಂಬರ್ಧ ಪತ್ರ ಕೈತಪ್ಪಿ ಹೋಗುವುದಿಲ್ಲ. ರೆಸ್ಯೂಮೆ ಪಿಡಿಎಫ್ ಆಗಿರಲಿ, ಕಡತದ ಹೆಸರಿನಲ್ಲಿ ನಿಮ್ಮ ಹೆಸರಿರಲಿ. ಡ್ರೈವ್ ಲಿಂಕ್ ಬೇಡ. ಅನುಮತಿ ಕೇಳುವ ಲಿಂಕ್ ತೆರೆಯಲು ನನಗೆ ಸಮಯವಿಲ್ಲ, ಕೇಳಿದ ಅನುಮತಿ ಎರಡು ದಿನ ಬಿಟ್ಟು ಸಿಕ್ಕಾಗ ಪತ್ರವೇ ಮರೆತಿರುತ್ತದೆ. ಬೇರೆ ಕಡೆ ಬರೆದದ್ದನ್ನು ತಂದು ಹಾಕುವಾಗ ಕಂಪ್ಯೂಟರಿನಲ್ಲಿ Ctrl+Shift+V ಒತ್ತಿ. ಇಲ್ಲದಿದ್ದರೆ ಅಕ್ಷರದ ಗಾತ್ರ, ಬಣ್ಣ ಎಲ್ಲ ಬೆರೆತು, ಯಾವ ಸಾಲುಗಳನ್ನು ಎಲ್ಲಿಂದ ತಂದಿರಿ ಎಂಬುದು ಎದ್ದು ಕಾಣುತ್ತದೆ. ಜಿಮೇಲ್‌ನ ಸೆಟ್ಟಿಂಗ್ಸ್‌ನಲ್ಲಿ Undo Send ಅವಧಿಯನ್ನು 30 ಸೆಕೆಂಡಿಗೆ ಏರಿಸಿಕೊಳ್ಳಿ.

ಒಂದು ಕಂಪನಿಗೆ ಒಂದು ಪತ್ರ. ವಿಳಾಸದ ಜಾಗದಲ್ಲಿ ನಲವತ್ತು ಕಂಪನಿಗಳನ್ನು ತುಂಬಿ ಕಳುಹಿಸಿದ ಪತ್ರದಲ್ಲಿ ನಮ್ಮ ಪಕ್ಕದ ಘಟಕದ ವಿಳಾಸವೂ ನನಗೆ ಕಾಣುತ್ತದೆ. ಅವರು ಉತ್ತರ ಕೊಡುತ್ತಾರೆ ಬಿಡು ಎಂದು ನಾನೂ, ನಾನು ಕೊಡುತ್ತೇನೆ ಎಂದು ಅವರೂ ಸುಮ್ಮನಾಗುತ್ತೇವೆ.

ಆರನೆಯ ಹೆಜ್ಜೆ: ನೆನಪಿಸುವುದು

ಎಂಟು ಕೆಲಸದ ದಿನ ಕಾಯಿರಿ. ಆಮೇಲೆ ಹೊಸ ಪತ್ರ ಬರೆಯದೆ, ಮೊದಲಿನ ಪತ್ರಕ್ಕೇ ಉತ್ತರವಾಗಿ ಎರಡು ಸಾಲು ಕಳುಹಿಸಿ. ಆಗ ಹಳೆಯದು ಕೆಳಗೇ ಇರುತ್ತದೆ, ನಾನು ಹುಡುಕಬೇಕಿಲ್ಲ. ಫೋನ್ ಮಾಡುವುದಾದರೆ 11 ಗಂಟೆಯ ನಂತರ ಮಾಡಿ. ಅದಕ್ಕೆ ಮೊದಲು ಶಾಪ್‌ನಲ್ಲಿ ಪಾಳಿಯ ಕೆಲಸ ಹಂಚುವ ಗಡಿಬಿಡಿ ಇರುತ್ತದೆ. ಎರಡನೆಯ ಸಲವೂ ಉತ್ತರ ಬರದಿದ್ದರೆ ಆ ಕಂಪನಿಯನ್ನು ಬಿಟ್ಟು ಮುಂದಿನದಕ್ಕೆ ಹೋಗಿ.

ಅವಳು ಮೂರು ಘಟಕಗಳಿಗೆ ಬರೆದಳು, ಪ್ರತಿಯೊಂದಕ್ಕೂ ಯಂತ್ರದ ಸಾಲನ್ನು ಬದಲಿಸಿ. ಒಂದರಿಂದ ಉತ್ತರವೇ ಬರಲಿಲ್ಲ. ಇನ್ನೊಂದು, ನೆನಪಿಸಿದ ಮೇಲೆ, ಈ ವರ್ಷ ಜಾಗವಿಲ್ಲ ಎಂದಿತು. ಸಿಎಂಎಂ ಇದ್ದ ಘಟಕದಿಂದ ನಾಲ್ಕನೆಯ ದಿನ ಕ್ವಾಲಿಟಿ ಮೇಲ್ವಿಚಾರಕರೇ ಬರೆದರು: "ಬುಧವಾರ ಬೆಳಿಗ್ಗೆ 11ಕ್ಕೆ ಬನ್ನಿ. ಆ 30 ಶಾಫ್ಟ್‌ಗಳ ನಕ್ಷೆಯನ್ನು ತನ್ನಿ."